ವಾಟ್ಸಾಪ್‌ನ ನೀಲಿ ಟಿಕ್, ಲಾಸ್ಟ್ ಸೀನ್, ಟೈಪಿಂಗ್: ಯಾವುದನ್ನು ಯಾರಿಗೆ ಮುಚ್ಚಬೇಕು, ಹೇಗೆ

ವಾಟ್ಸಾಪ್‌ನಲ್ಲಿ ನಮ್ಮ ಬಗ್ಗೆ ನಾವು ಹೇಳದೇ ಇದ್ದರೂ ಬೇರೆಯವರಿಗೆ ಗೊತ್ತಾಗುವ ಸಂಗತಿಗಳು ಮುಖ್ಯವಾಗಿ ಮೂರು. ಸಂದೇಶ ನೋಡಿದೆವಾ, ಕೊನೆಯ ಸಲ ಯಾವಾಗ ಆ್ಯಪ್ ತೆರೆದಿದ್ದೆವು, ಈಗ ಏನಾದರೂ ಬರೆಯುತ್ತಿದ್ದೇವಾ. ಈ ಮೂರನ್ನೂ ಜನ ಒಂದೇ ಗಂಟಿಗೆ ಸೇರಿಸಿ "ಎಲ್ಲಾ ಆಫ್ ಮಾಡಿಬಿಡು" ಅನ್ನುತ್ತಾರೆ. ಆದರೆ ಮೂರೂ ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ. ಲಾಸ್ಟ್ ಸೀನ್ ಅನ್ನು ಒಬ್ಬೊಬ್ಬರಿಗೆ ಬೇಕಾದ ಹಾಗೆ ಮುಚ್ಚಬಹುದು. ನೀಲಿ ಟಿಕ್ ಹಾಗಲ್ಲ, ಇಟ್ಟರೆ ಎಲ್ಲರಿಗೂ ಇರುತ್ತದೆ, ತೆಗೆದರೆ ಎಲ್ಲರಿಗೂ ಹೋಗುತ್ತದೆ. ಟೈಪಿಂಗ್ ತೋರಿಸುವುದನ್ನು ನಿಲ್ಲಿಸಲು ವಾಟ್ಸಾಪ್‌ನಲ್ಲಿ ಗುಂಡಿಯೇ ಇಲ್ಲ.

ಈ ವ್ಯತ್ಯಾಸ ಗೊತ್ತಿದ್ದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಮೊದಲು ಲಾಸ್ಟ್ ಸೀನ್ ಮತ್ತು ಆನ್‌ಲೈನ್ ಸರಿಮಾಡಿಕೊಳ್ಳಿ. ಬಹಳ ಜನರ ತೊಂದರೆ ಅಲ್ಲಿಗೇ ಮುಗಿಯುತ್ತದೆ. ನೀಲಿ ಟಿಕ್ ತೆಗೆಯುವುದು ಅದಾದ ಮೇಲೆ, ಬೇಕೇ ಬೇಕು ಅನ್ನಿಸಿದರೆ ಮಾತ್ರ.

ಆ ಗುರುತುಗಳು ನಿಜಕ್ಕೂ ಏನು ಹೇಳುತ್ತವೆ

ಒಂದು ಬೂದು ಟಿಕ್ ಬಂದರೆ ಸಂದೇಶ ನಿಮ್ಮ ಫೋನ್ ಬಿಟ್ಟು ಹೊರಟಿದೆ ಎಂದರ್ಥ. ಎರಡು ಬೂದು ಟಿಕ್ ಬಂದರೆ ಅವರ ಫೋನಿಗೆ, ಇಲ್ಲವೇ ಅವರು ವಾಟ್ಸಾಪ್ ಜೋಡಿಸಿಕೊಂಡಿರುವ ಕಂಪ್ಯೂಟರಿಗೆ ತಲುಪಿದೆ. ಎರಡೂ ನೀಲಿಯಾದರೆ ಆ ಚಾಟ್ ತೆರೆದಿದ್ದಾರೆ. ಈ ನೀಲಿ ಬಣ್ಣ ಬಂದದ್ದು 2014ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ ಎರಡು ಟಿಕ್ ಬಂದರೂ ಅವರು ನೋಡಿದರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಗ್ರೂಪಿನಲ್ಲಿ ಲೆಕ್ಕ ಬೇರೆ. ಗ್ರೂಪಿನ ಎಲ್ಲರಿಗೂ ತಲುಪಿದ ಮೇಲೆ ಎರಡನೇ ಟಿಕ್ ಬರುತ್ತದೆ. ಎಲ್ಲರೂ ನೋಡಿದ ಮೇಲೆ ನೀಲಿಯಾಗುತ್ತದೆ. ಅದಕ್ಕೇ ದೊಡ್ಡ ಗ್ರೂಪುಗಳಲ್ಲಿ ನೀಲಿ ಅಷ್ಟು ಅಪರೂಪ. ಒಬ್ಬರ ಫೋನ್ ರಿಪೇರಿಗೆ ಹೋಗಿದ್ದರೂ ಸಾಕು, ಬೂದು ಬಣ್ಣದಲ್ಲೇ ನಿಂತುಬಿಡುತ್ತದೆ.

ನೀಲಿ ಟಿಕ್ ಎಂದರೆ ಓದಿದ್ದಾರೆ ಅಂತ ಎಲ್ಲರೂ ತಿಳಿಯುತ್ತಾರೆ. ಅದು ನಿಜವಾಗಿ ಹೇಳುವುದು ಚಾಟ್ ತೆರೆಯಿತು ಎಂದಷ್ಟೇ. ತೆರೆದವರು ಯಾರು ಅನ್ನುವುದನ್ನೂ ಅದು ಹೇಳುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಫೋನು ಮನೆಮಂದಿಗೆಲ್ಲ. ಅಪ್ಪನಿಗೆ ಬಂದ ಸಂದೇಶವನ್ನು ಮಗ ತೆರೆದು ನೋಡಿರುತ್ತಾನೆ, ಅಪ್ಪನಿಗೆ ಹೇಳಿರುವುದಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಆ ಚಾಟ್ ತೆರೆದೇ ಬಿಟ್ಟು ಊಟಕ್ಕೆ ಹೋದರೆ ಸಂದೇಶ ಅಲ್ಲೇ ನೀಲಿಯಾಗಿರುತ್ತದೆ.

"ಆನ್‌ಲೈನ್" ಅಂದರೂ ಹೀಗೆಯೇ. ವಾಟ್ಸಾಪ್ ತೆರೆದಿದೆ, ಇಂಟರ್ನೆಟ್ ಇದೆ ಎಂದಷ್ಟೇ ಅರ್ಥ. ನಿಮ್ಮ ಸಂದೇಶವನ್ನೇ ನೋಡುತ್ತಿದ್ದಾರೆ ಎಂದಲ್ಲ. ಗ್ಯಾಸ್ ಬುಕಿಂಗಿಗೆ ಮೆಸೇಜ್ ಹಾಕುತ್ತಿದ್ದರೂ ಆನ್‌ಲೈನ್ ಅಂತಲೇ ಕಾಣುತ್ತದೆ.

ಮೊದಲ ಕೆಲಸ: ಲಾಸ್ಟ್ ಸೀನ್ ಮತ್ತು ಆನ್‌ಲೈನ್

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ತೆರೆದು ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ. ಐಫೋನಿನಲ್ಲಾದರೆ ಕೆಳಗಿನ ಸಾಲಿನ ಬಲತುದಿಯಿಂದ ಸೆಟ್ಟಿಂಗ್ಸ್‌ಗೆ ಹೋಗಬೇಕು. ಅಲ್ಲಿಂದ ದಾರಿ ಎರಡರಲ್ಲೂ ಒಂದೇ:

```
Settings > Privacy > Last seen and online
```

ಇಲ್ಲಿ ಎರಡು ಪ್ರಶ್ನೆ ಇರುತ್ತವೆ. ಮೇಲಿನದು ನಿಮ್ಮ ಲಾಸ್ಟ್ ಸೀನ್ ಯಾರಿಗೆ ಕಾಣಬೇಕು ಎಂದು ಕೇಳುತ್ತದೆ. ಅದಕ್ಕೆ ನಾಲ್ಕು ಉತ್ತರ:

```
Everyone
My contacts
My contacts except...
Nobody
```

ಕೆಳಗಿನ ಪ್ರಶ್ನೆ, ನೀವು ಆನ್‌ಲೈನ್ ಇರುವುದು ಯಾರಿಗೆ ಕಾಣಬೇಕು ಎಂಬುದು. ಅದಕ್ಕೆ ಎರಡೇ ಉತ್ತರ, `Everyone` ಮತ್ತು `Same as last seen`. ತುಂಬಾ ಜನ ಎಡವುವುದು ಇಲ್ಲೇ. ಮೇಲೆ `Nobody` ಒತ್ತಿ, ಕೆಲಸ ಆಯಿತು ಅಂದುಕೊಂಡು ಹೊರಗೆ ಬರುತ್ತಾರೆ. ಕೆಳಗೆ `Everyone` ಹಾಗೇ ಉಳಿದಿರುತ್ತದೆ. ಆಗ ಲಾಸ್ಟ್ ಸೀನ್ ಕಾಣುವುದಿಲ್ಲ ನಿಜ, ಆದರೆ ರಾತ್ರಿ ಒಂದು ಗಂಟೆಗೆ ವಾಟ್ಸಾಪ್ ತೆರೆದರೆ "ಆನ್‌ಲೈನ್" ಅಂತ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಆದ್ದರಿಂದ ಕೆಳಗೆ `Same as last seen` ಒತ್ತುವುದನ್ನು ಮರೆಯಬೇಡಿ. ಈ ಎರಡನೇ ಪ್ರಶ್ನೆ ಬಂದದ್ದು 2022ರಲ್ಲಿ. ಅದಕ್ಕೆ ಮುಂಚೆ ಆನ್‌ಲೈನ್ ಇರುವುದನ್ನು ಮುಚ್ಚಲು ದಾರಿಯೇ ಇರಲಿಲ್ಲ. ಹಳೇ ಕಾಲದಲ್ಲೇ ಸೆಟ್ಟಿಂಗ್ ಮಾಡಿಟ್ಟವರು ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು.

`My contacts` ಎಂದರೆ ನಿಮ್ಮ ಫೋನಿನಲ್ಲಿ ನೀವು ಸೇವ್ ಮಾಡಿಕೊಂಡಿರುವ ನಂಬರುಗಳು. ಅವರು ನಿಮ್ಮ ನಂಬರ್ ಸೇವ್ ಮಾಡಿದ್ದರೆ ಸಾಕಾಗುವುದಿಲ್ಲ, ನೀವು ಅವರದನ್ನು ಮಾಡಿರಬೇಕು. ಸೈಟ್ ಮಾರುವವರು, ಒಂದೇ ಸಲ ಆಟೋ ಬುಕ್ ಮಾಡಿದಾಗ ನಂಬರ್ ಸಿಕ್ಕವರು, ಹಳೇ ಮನೆಯ ಬ್ರೋಕರ್, ಇವರೆಲ್ಲ `My contacts` ಒತ್ತಿದ ಕೂಡಲೇ ಹೊರಗಾಗುತ್ತಾರೆ. ಯಾರ ಜೊತೆಗೂ ಜಗಳವಿಲ್ಲದ ಬದಲಾವಣೆ ಇದು. ಬೇರೇನೂ ಮಾಡದಿದ್ದರೂ ಇದೊಂದನ್ನು ಎಲ್ಲರೂ ಮಾಡಿಕೊಳ್ಳಬೇಕು ಅಂತ ನಾನು ಹೇಳುತ್ತೇನೆ. ಮೇಲಧಿಕಾರಿಯ ನಂಬರನ್ನೂ ಸೇವ್ ಮಾಡಿಕೊಂಡಿದ್ದೇವಲ್ಲ ಅಂತೀರಾ? ಅದಕ್ಕೇ ಮೂರನೆಯ ಉತ್ತರ ಇರುವುದು. `My contacts except...` ಒತ್ತಿದರೆ ಹೆಸರುಗಳ ಪಟ್ಟಿ ಬರುತ್ತದೆ. ಯಾರಿಗೆ ಕಾಣಬಾರದೋ ಅವರ ಹೆಸರಿಗೆ ಗುರುತು ಹಾಕಿ ಹೊರಗೆ ಬನ್ನಿ.

ಇದಕ್ಕೆ ಒಂದು ಬೆಲೆ ಇದೆ. ನಿಮ್ಮದನ್ನು ಯಾರಿಗೆ ತೋರಿಸುವುದಿಲ್ಲವೋ ಅವರದು ನಿಮಗೂ ಕಾಣುವುದಿಲ್ಲ. `Nobody` ಇಟ್ಟುಕೊಂಡರೆ ಯಾರ ಲಾಸ್ಟ್ ಸೀನ್ ಕೂಡ ಸಿಗುವುದಿಲ್ಲ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅಷ್ಟೇ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. `My contacts except...` ಗುಟ್ಟಾಗಿ ಉಳಿಯುವುದಿಲ್ಲ. ಅತ್ತೆಯ ಹೆಸರನ್ನು ಪಟ್ಟಿಗೆ ಹಾಕಿ ನಾದಿನಿಯನ್ನು ಬಿಟ್ಟಿದ್ದೀರಿ ಅಂದುಕೊಳ್ಳಿ. ಅತ್ತೆಯ ಫೋನಿನಲ್ಲಿ ನಿಮ್ಮ ಹೆಸರಿನ ಕೆಳಗೆ ಏನೂ ಇಲ್ಲ, ನಾದಿನಿಯ ಫೋನಿನಲ್ಲಿ ಇದೆ. ಇಬ್ಬರೂ ಸೋಫಾದ ಮೇಲೆ ಅಕ್ಕಪಕ್ಕ ಕೂತಾಗ ಅದು ಹೊರಬೀಳಲು ಎಷ್ಟು ಹೊತ್ತು ಬೇಕು? ಆಗ "ನನಗೊಬ್ಬಳಿಗೇ ಮುಚ್ಚಿಟ್ಟಿದ್ದಾಳೆ" ಅನ್ನುವ ಮಾತು ಬರುತ್ತದೆ. ಒಂದೇ ಮನೆಯವರು, ಒಂದೇ ಆಫೀಸಿನವರು, ಫೋನ್ ಪಕ್ಕಪಕ್ಕ ಇಟ್ಟು ಹೋಲಿಸಬಲ್ಲವರು, ಇಂಥವರಲ್ಲಿ ಒಬ್ಬರನ್ನು ಮಾತ್ರ ಹೊರಗಿಡಬೇಡಿ. ಇಡೀ ಗುಂಪನ್ನು ಹೊರಗಿಡಿ, ಇಲ್ಲವೇ `Nobody` ಒತ್ತಿ. ಎಲ್ಲರಿಗೂ ಇಲ್ಲ ಅಂದರೆ ಯಾರಿಗೂ ಅದು ತನಗೆ ಮಾಡಿದ್ದು ಅನ್ನಿಸುವುದಿಲ್ಲ.

ಗಂಡನೋ ಪ್ರೇಮಿಯೋ ಲಾಸ್ಟ್ ಸೀನ್ ಹಿಡಿದುಕೊಂಡು "ಎರಡು ಗಂಟೆಗೆ ಯಾರ ಜೊತೆ ಮಾತಾಡುತ್ತಿದ್ದೆ" ಎಂದು ಪೀಡಿಸುವ ಮನೆಗಳಲ್ಲಿ ಈ ಮಾತಿಗೆ ಇನ್ನೂ ಜಾಸ್ತಿ ತೂಕ ಇದೆ. ಅಂಥ ಕಡೆ ದಿಢೀರ್ ಅಂತ ಲಾಸ್ಟ್ ಸೀನ್ ಮಾಯವಾದರೆ ಅದೇ ಹೊಸ ಜಗಳಕ್ಕೆ ಕಾರಣವಾಗಬಹುದು. ಹೊಡೆತ ಬಡಿತದ ಭಯ ಇದ್ದರೆ ಸೆಟ್ಟಿಂಗ್ ಮುಟ್ಟುವ ಮುಂಚೆ ನಂಬಿಕೆಯ ಒಬ್ಬರಿಗೆ ವಿಷಯ ಹೇಳಿಟ್ಟಿರಿ. ಮಹಿಳಾ ಸಹಾಯವಾಣಿ 181ಕ್ಕೂ ಕರೆ ಮಾಡಬಹುದು. ಆ ಮನೆಯ ತೊಂದರೆ ವಾಟ್ಸಾಪ್ ಸೆಟ್ಟಿಂಗಿನಿಂದ ಬಗೆಹರಿಯುವಂಥದ್ದಲ್ಲ.

ಎರಡನೆಯದು: ನೀಲಿ ಟಿಕ್

```
Settings > Privacy > Read receipts
```

ಇದನ್ನು ಆಫ್ ಮಾಡಿದರೆ ಒಬ್ಬೊಬ್ಬರ ಜೊತೆಗಿನ ಚಾಟ್‌ಗಳಲ್ಲಿ ನೀವು ನೋಡಿದರೂ ಅವರಿಗೆ ಎರಡು ಬೂದು ಟಿಕ್ ಮಾತ್ರ ಕಾಣುತ್ತವೆ. ನೀವು ಕಳಿಸಿದ್ದನ್ನು ಅವರು ನೋಡಿದರೂ ನಿಮಗೂ ಬೂದು ಬಣ್ಣವೇ. ಅಂಗಡಿ ನಡೆಸುವವರು, ಆರ್ಡರ್ ತೆಗೆದುಕೊಳ್ಳುವವರು ಇದನ್ನು ಯೋಚಿಸಿ ಮಾಡಬೇಕು. ಗಿರಾಕಿ ಬಿಲ್ ನೋಡಿದರೋ ಇಲ್ಲವೋ ತಿಳಿಯುವ ದಾರಿ ನಿಮಗೂ ಹೋಗುತ್ತದೆ.

ಸ್ಟೇಟಸ್ ಹಾಕುವ ಅಭ್ಯಾಸ ಇದ್ದರೆ ಇನ್ನೂ ಒಂದು ನಷ್ಟ ಇದೆ. ಇದು ಆಫ್ ಆದರೆ ನಿಮ್ಮ ಸ್ಟೇಟಸ್ ಯಾರು ನೋಡಿದರು ಎನ್ನುವ ಪಟ್ಟಿ ಸಿಗುವುದಿಲ್ಲ. ನೀವು ನೋಡಿದ್ದೂ ಅವರಿಗೆ ಗೊತ್ತಾಗುವುದಿಲ್ಲ. ಮೊಮ್ಮಗಳ ಫೋಟೋ ಸ್ಟೇಟಸ್‌ಗೆ ಹಾಕಿ ಯಾರು ಯಾರು ನೋಡಿದರು ಅಂತ ಸಂಜೆ ಕೂತು ನೋಡುವ ಹಿರಿಯರು ತುಂಬಾ ಜನ ಇದ್ದಾರೆ. ಅವರ ಫೋನಿನಲ್ಲಿ ಕೇಳದೆ ಇದನ್ನು ಆಫ್ ಮಾಡಬೇಡಿ.

ಆಫ್ ಮಾಡಿದರೂ ತಪ್ಪಿಸಲಾಗದ ಎರಡು ಜಾಗಗಳಿವೆ. ಒಂದು ಗ್ರೂಪು. ಗ್ರೂಪಿನಲ್ಲಿ ನೀವು ನೋಡಿದ್ದು ಯಾವಾಗಲೂ ಗೊತ್ತಾಗುತ್ತದೆ. ಸಂದೇಶ ಹಾಕಿದವರು ಅದನ್ನು ಒತ್ತಿ ಹಿಡಿದು `Info` ತೆರೆದರೆ ಯಾರು ಯಾರು ನೋಡಿದ್ದಾರೆ, ಎಷ್ಟು ಹೊತ್ತಿಗೆ ನೋಡಿದ್ದಾರೆ ಅನ್ನುವ ಪಟ್ಟಿ ಬರುತ್ತದೆ. ನೀಲಿ ಟಿಕ್ ಆಫ್ ಮಾಡಿದ ಧೈರ್ಯದಲ್ಲಿ ಆಫೀಸ್ ಗ್ರೂಪ್ ತೆರೆದು, ಮರುದಿನ "ನಾನು ನೋಡಲೇ ಇಲ್ಲ ಸರ್" ಅಂದವರು ಸಿಕ್ಕಿಬೀಳುವುದು ಹೀಗೆ. ಎರಡನೆಯದು ವಾಯ್ಸ್ ಮೆಸೇಜ್. ನೀವು ಅದನ್ನು ಕೇಳಿದರೆ ಅವರ ಕಡೆ ಮೈಕಿನ ಚಿಹ್ನೆ ನೀಲಿಯಾಗುತ್ತದೆ. ಇದನ್ನೂ ನಿಲ್ಲಿಸಲು ಆಗುವುದಿಲ್ಲ.

ಇದಕ್ಕೆಲ್ಲ ಕಾನೂನಿನ ಕಡೆಯೂ ಒಂದು ನಂಟಿದೆ. 2018ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಕ್ರೆಡಿಟ್ ಕಾರ್ಡ್ ಬಾಕಿಯ ಒಂದು ಪ್ರಕರಣ ಬಂತು. ಬಾಕಿ ಇದ್ದವರಿಗೆ ನೋಟಿಸನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದು ತಲುಪಿದೆ, ತೆರೆದೂ ನೋಡಿದ್ದಾರೆ ಎಂದು ಆ ಚಿಹ್ನೆಗಳೇ ತೋರಿಸುತ್ತವೆ ಎಂದು ಕೋರ್ಟ್ ಒಪ್ಪಿತು. ಹಾಗಂತ ನೀಲಿ ಟಿಕ್ ಆಫ್ ಮಾಡಿಟ್ಟರೆ ನೋಟಿಸಿನಿಂದ ಪಾರಾಗಬಹುದು ಅಂದುಕೊಳ್ಳಬೇಡಿ. ನೋಟಿಸ್ ತಲುಪಿಸಲು ಅಂಚೆ, ಇಮೇಲ್ ಹೀಗೆ ಬೇರೆ ದಾರಿಗಳಿವೆ. ಸಾಲದ ಕಾಗದವೋ ಕೋರ್ಟಿನ ಕಾಗದವೋ ಬಂದರೆ ತೆರೆದು ಓದಿ, ವಕೀಲರಿಗೆ ತೋರಿಸಿ.

ತೆರೆಯದೇ ಓದುವ ದಾರಿ

ನೀಲಿ ಟಿಕ್ ಎಲ್ಲರಿಗೂ ತೆಗೆಯುವ ಬದಲು, ಬೇಕಾದ ಸಂದೇಶವನ್ನು ಮಾತ್ರ ಚಾಟ್ ತೆರೆಯದೇ ಓದುವುದು ಎಷ್ಟೋ ಸಲ ಸಾಕಾಗುತ್ತದೆ. ಪರದೆಯ ಮೇಲಿನಿಂದ ಕೆಳಗೆ ಎಳೆದರೆ ನೋಟಿಫಿಕೇಶನ್ ಬರುತ್ತದೆ. ಅದನ್ನು ಇನ್ನಷ್ಟು ಕೆಳಗೆ ಎಳೆದರೆ ಸಂದೇಶದ ಹೆಚ್ಚಿನ ಭಾಗ ಕಾಣುತ್ತದೆ. ಅಲ್ಲಿ ಓದಿದರೆ ನೀಲಿಯಾಗುವುದಿಲ್ಲ. ಆದರೆ ಅಲ್ಲೇ ಕೆಳಗಿರುವ `Mark as read` ಒತ್ತಬಾರದು, ಒತ್ತಿದರೆ ಅವರ ಕಡೆ ನೀಲಿಯಾಗುತ್ತದೆ. ಐಫೋನಿನಲ್ಲಿ ಚಾಟ್‌ಗಳ ಪಟ್ಟಿಯಲ್ಲಿ ಆ ಹೆಸರನ್ನು ಒತ್ತಿ ಹಿಡಿದರೆ ಒಳಗಿನ ಸಂದೇಶಗಳು ಚಿಕ್ಕ ಕಿಟಕಿಯಲ್ಲಿ ಕಾಣುತ್ತವೆ, ಅದಕ್ಕೂ ನೀಲಿ ಬರುವುದಿಲ್ಲ.

ಜನ ನಂಬಿರುವ ಎರಡು ಉಪಾಯಗಳು ಕೈ ಕೊಡುತ್ತವೆ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಓದಿದರೆ ನೀಲಿ ಟಿಕ್ ಬರುವುದಿಲ್ಲ ಅನ್ನುತ್ತಾರೆ. ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೇ. ಇಂಟರ್ನೆಟ್ ಬಂದು ವಾಟ್ಸಾಪ್ ಮತ್ತೆ ಕೂಡಿಕೊಂಡಾಗ ಆ ಮಾಹಿತಿ ಹೋಗುತ್ತದೆ. ಇನ್ನೊಂದು, ಓದಿದ ಮೇಲೆ `Mark as unread` ಒತ್ತುವುದು. ಅದು ನಿಮ್ಮ ಪಟ್ಟಿಯಲ್ಲಿ ಒಂದು ಚುಕ್ಕಿ ಹಾಕುತ್ತದೆ, ಆಮೇಲೆ ಉತ್ತರ ಕೊಡಬೇಕೆಂದು ನಿಮಗೇ ನೆನಪಿರಲಿ ಅಂತ. ಅವರ ಕಡೆ ಆಗಲೇ ಬಂದ ನೀಲಿ ವಾಪಸ್ ಹೋಗುವುದಿಲ್ಲ.

ಟೈಪಿಂಗ್

ಚಾಟ್‌ನಲ್ಲಿ ಬರೆಯಲು ಶುರು ಮಾಡಿದ ಕೂಡಲೇ ಅವರ ಕಡೆ ಟೈಪಿಂಗ್ ಅಂತ ಬರುತ್ತದೆ, ಗ್ರೂಪಿನಲ್ಲಾದರೆ ನಿಮ್ಮ ಹೆಸರಿನ ಸಮೇತ. ವಾಯ್ಸ್ ರೆಕಾರ್ಡ್ ಮಾಡುತ್ತಿದ್ದರೆ ಅದೂ ಗೊತ್ತಾಗುತ್ತದೆ. ವಾಟ್ಸಾಪ್‌ನಲ್ಲಿ ಇದನ್ನು ಆಫ್ ಮಾಡುವ ಸೆಟ್ಟಿಂಗ್ ಇಲ್ಲ.

ಸಣ್ಣದಾಗಿ ಕಂಡರೂ ಮನಸ್ಸಿಗೆ ಜಾಸ್ತಿ ನಾಟುವುದು ಇದೇ. "ಹಣ ಯಾವಾಗ ಕೊಡ್ತೀಯ" ಅಂತ ಕೇಳಿದ ಮೇಲೆ ಟೈಪಿಂಗ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಕೊನೆಗೆ "ನೋಡೋಣ" ಅನ್ನುವ ಒಂದೇ ಮಾತು. ಅಷ್ಟು ಹೊತ್ತು ಬರೆದು ಅಳಿಸಿದ್ದು ಏನು ಅಂತ ಕೇಳಿದವರು ರಾತ್ರಿಯಿಡೀ ಯೋಚಿಸುತ್ತಾರೆ. ಬರೆದವರು ಬಹುಶಃ ಕಾಗುಣಿತ ತಿದ್ದುತ್ತಿದ್ದರು.

ಕಷ್ಟದ ಸಂದೇಶ ಬರೆಯಬೇಕಾದಾಗ ಸುಲಭ ದಾರಿ ಒಂದಿದೆ. ಫೋನಿನ ನೋಟ್ಸ್‌ನಲ್ಲಿ ಬರೆಯಿರಿ, ಓದಿ, ತಿದ್ದಿ. ಆಮೇಲೆ ಕಾಪಿ ಮಾಡಿ ಚಾಟ್‌ಗೆ ಹಾಕಿ ಕಳಿಸಿ. ಸಾವಿನ ಮನೆಗೆ ಸಂತಾಪ ಬರೆಯುವಾಗ, ಸಂಬಂಧ ಬೇಡ ಎಂದು ಹೇಳುವಾಗ, ಸಂಬಳದ ಮಾತು ಎತ್ತುವಾಗ ಹೀಗೆ ಮಾಡುವುದು ಇಬ್ಬರಿಗೂ ಒಳ್ಳೆಯದು. ಅರ್ಧ ಬರೆದದ್ದು ಕೈತಪ್ಪಿ ಹೋಗುವ ಭಯವೂ ಇರುವುದಿಲ್ಲ.

ಇದು ಪೂರ್ತಿ ಬೇಡವೇ ಬೇಡ ಅನ್ನುವವರಿಗೆ ಸಿಗ್ನಲ್ ಆ್ಯಪ್‌ನಲ್ಲಿ ಆ ಅನುಕೂಲ ಇದೆ. ಅದರ ಪ್ರೈವಸಿ ಸೆಟ್ಟಿಂಗಿನಲ್ಲಿ `Typing indicators` ಮತ್ತು `Read receipts` ಬೇರೆ ಬೇರೆ ಗುಂಡಿಗಳಾಗಿವೆ. ಅಲ್ಲೂ ಕೊಟ್ಟು ತೆಗೆದುಕೊಳ್ಳುವ ಲೆಕ್ಕವೇ. ಲಾಸ್ಟ್ ಸೀನ್ ಅಂತೂ ಸಿಗ್ನಲ್‌ನಲ್ಲಿ ಇಲ್ಲವೇ ಇಲ್ಲ.

ಟೈಪಿಂಗ್ ಮುಚ್ಚುತ್ತೇವೆ, ಲಾಸ್ಟ್ ಸೀನ್ ಒಂದೇ ಕಡೆ ನಿಲ್ಲಿಸುತ್ತೇವೆ ಅಂತ ಆಸೆ ತೋರಿಸುವ ಜಿಬಿ ವಾಟ್ಸಾಪ್, ವಾಟ್ಸಾಪ್ ಪ್ಲಸ್ ಮುಂತಾದ ನಕಲಿ ಆ್ಯಪ್‌ಗಳನ್ನು ಮಾತ್ರ ಹಾಕಬೇಡಿ. ಇವು ವಾಟ್ಸಾಪ್ ಕಂಪನಿಯವು ಅಲ್ಲ. ಬಳಸುವವರ ಖಾತೆಯನ್ನು ವಾಟ್ಸಾಪ್ ನಿಲ್ಲಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ನಿಮ್ಮ ಸಂದೇಶ, ಫೋಟೋ, ನಂಬರುಗಳೆಲ್ಲ ಯಾರದೋ ಗುರುತಿಲ್ಲದವರ ಆ್ಯಪಿನ ಕೈಗೆ ಹೋಗುತ್ತವೆ.

ಒಂದು ಉದಾಹರಣೆ, ಪೂರ್ತಿಯಾಗಿ

ಧಾರವಾಡದ ಒಬ್ಬ ಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಮಕ್ಕಳ ಪೋಷಕರು ರಾತ್ರಿ ಹತ್ತೂವರೆಗೆ ಹೋಂವರ್ಕ್ ಕೇಳುತ್ತಾರೆ. ಆನ್‌ಲೈನ್ ಕಂಡರೆ ಸಾಕು, "ಮೇಡಂ ಇದ್ದೀರಲ್ಲ" ಅಂತ ಎರಡನೇ ಸಂದೇಶ. ಮುಖ್ಯೋಪಾಧ್ಯಾಯರು ಶಿಕ್ಷಕರ ಗ್ರೂಪಿನಲ್ಲಿ ರಾತ್ರಿಯೇ ಮಾಹಿತಿ ಕೇಳುತ್ತಾರೆ. ಅವ್ವ ಶಿರಸಿಯ ಹತ್ತಿರ ಒಬ್ಬರೇ ಇದ್ದಾರೆ. ಮಗಳಿಗೆ ಪದೇ ಪದೇ ಫೋನ್ ಮಾಡಲು ಸಂಕೋಚ, ಬೆಳಗ್ಗೆ ಎದ್ದು ಅವಳ ಲಾಸ್ಟ್ ಸೀನ್ ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ಅಣ್ಣ ನ್ಯೂಜೆರ್ಸಿಯಲ್ಲಿ.

ಇವರು ನೀಲಿ ಟಿಕ್ ಆಫ್ ಮಾಡಿದರೆ ಏನಾಗುತ್ತದೆ? ಪೋಷಕರಿಗೆ ಆನ್‌ಲೈನ್ ಕಾಣುತ್ತಲೇ ಇರುತ್ತದೆ, ಎರಡನೇ ಸಂದೇಶವೂ ಬರುತ್ತದೆ. ಗ್ರೂಪಿನಲ್ಲಿ ನೋಡಿದ್ದೂ ಗೊತ್ತಾಗುತ್ತದೆ. ಪೋಷಕರ ಜೊತೆಗೆ ಅವ್ವನಿಗೂ ಅಣ್ಣನಿಗೂ ನೀಲಿ ಟಿಕ್ ಕಾಣದಂತಾಗುತ್ತದೆ. ತೊಂದರೆ ಕೊಡುವವರ ಕಾಟ ನಿಲ್ಲಲಿಲ್ಲ, ಪ್ರೀತಿಯವರಿಗೆ ಬಾಗಿಲು ಮುಚ್ಚಿತು.

ಸರಿಯಾದ ಕ್ರಮ ಹೀಗಿರಬೇಕು. ಲಾಸ್ಟ್ ಸೀನ್‌ಗೆ `My contacts except...`. ಸೇವ್ ಮಾಡದ ಪೋಷಕರು ತಾವಾಗೇ ಹೊರಗೆ. ಸೇವ್ ಮಾಡಿರುವ ಪೋಷಕರೆಲ್ಲರನ್ನೂ ಪಟ್ಟಿಗೆ ಹಾಕಬೇಕು. ಇಲ್ಲಿ ಒಂದು ಅನುಕೂಲ ಮಾಡಿಕೊಳ್ಳಬಹುದು: ಪೋಷಕರ ಹೆಸರಿನ ಮುಂದೆ ಒಂದೇ ಪದ, ಉದಾಹರಣೆಗೆ "ಪೋಷಕ", ಸೇರಿಸಿ ಸೇವ್ ಮಾಡಿದರೆ ಪಟ್ಟಿಯಲ್ಲಿ ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಮುಖ್ಯೋಪಾಧ್ಯಾಯರು ಮತ್ತು ಎಲ್ಲ ಸಹೋದ್ಯೋಗಿಗಳೂ ಪಟ್ಟಿಗೆ, ಒಬ್ಬರನ್ನೂ ಬಿಡದೆ, ಯಾಕೆಂದರೆ ಸ್ಟಾಫ್ ರೂಮಿನಲ್ಲಿ ಫೋನುಗಳು ಪಕ್ಕಪಕ್ಕವೇ ಇರುತ್ತವೆ. ಅವ್ವ, ಅಣ್ಣ, ಆಪ್ತ ಗೆಳತಿಯರು ಪಟ್ಟಿಯ ಹೊರಗೆ. ಆನ್‌ಲೈನ್‌ಗೆ `Same as last seen`. ನೀಲಿ ಟಿಕ್ ಆನ್ ಇರಲಿ. ಶಿಕ್ಷಕರ ಗ್ರೂಪನ್ನು ಮ್ಯೂಟ್ ಮಾಡಿ, ಬೆಳಗ್ಗೆಯೇ ತೆರೆಯುವುದು.

ಮುಗಿದ ಮೇಲೆ ಪರೀಕ್ಷೆ ಮಾಡಬೇಕು. ಪಟ್ಟಿಯಲ್ಲಿ ಇರುವ ಒಬ್ಬ ಸಹೋದ್ಯೋಗಿಯ ಫೋನಿನಲ್ಲಿ ತಮ್ಮ ಚಾಟ್ ತೆರೆದು, ತಮ್ಮ ಫೋನಿನಲ್ಲೂ ವಾಟ್ಸಾಪ್ ತೆರೆದು ನೋಡಬೇಕು. ಹೆಸರಿನ ಕೆಳಗೆ ಖಾಲಿ ಇದ್ದರೆ ಸರಿಯಾಗಿದೆ. "ಆನ್‌ಲೈನ್" ಅಂತ ಬಂದರೆ ಎರಡನೇ ಪ್ರಶ್ನೆಯಲ್ಲಿ `Everyone` ಉಳಿದಿದೆ. ಆಮೇಲೆ ಅವ್ವನಿಗೆ ಫೋನ್ ಮಾಡಿ, ಲಾಸ್ಟ್ ಸೀನ್ ಕಾಣುತ್ತಾ ಅಂತ ಕೇಳಿ ಖಚಿತ ಮಾಡಿಕೊಳ್ಳಬೇಕು. ಹೊಸ ವರ್ಷದ ತರಗತಿ ಶುರುವಾದಾಗ ಹೊಸ ಪೋಷಕರ ನಂಬರ್ ಸೇವ್ ಆಗುತ್ತವೆ. ಅವು ತಾವಾಗೇ ಪಟ್ಟಿಗೆ ಸೇರುವುದಿಲ್ಲ. ಪ್ರತಿ ಜೂನ್‌ನಲ್ಲಿ ಪಟ್ಟಿ ಮತ್ತೆ ನೋಡಬೇಕು.

ಹೇಳಿ ಮುಚ್ಚಿ

ಸೆಟ್ಟಿಂಗ್ ಬದಲಾಯಿಸಿದಾಗ ವಾಟ್ಸಾಪ್ ಯಾರಿಗೂ ಸುದ್ದಿ ಕೊಡುವುದಿಲ್ಲ. ಎದುರಿನವರಿಗೆ ಕಾಣುವುದು ಇಷ್ಟೇ, ನಿನ್ನೆ ಇದ್ದದ್ದು ಇವತ್ತು ಇಲ್ಲ. ಕಾರಣ ಗೊತ್ತಿಲ್ಲದ ಕಡೆ ಜನ ಕೆಟ್ಟ ಕಾರಣವನ್ನೇ ಊಹಿಸುತ್ತಾರೆ. ನೀಲಿಯಾಗದ ಟಿಕ್ ನೋಡಿ "ನನ್ನ ಮೆಸೇಜ್ ತೆರೆಯುತ್ತಲೇ ಇಲ್ಲ" ಅಂದುಕೊಳ್ಳುತ್ತಾರೆ. ಲಾಸ್ಟ್ ಸೀನ್ ಮಾಯವಾದರೆ "ಬ್ಲಾಕ್ ಮಾಡಿದ್ದಾನೆ" ಅಂದುಕೊಳ್ಳುತ್ತಾರೆ.

ವಿದೇಶದಲ್ಲಿ ಇರುವ ಮಕ್ಕಳ ವಿಷಯದಲ್ಲಿ ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಅಲ್ಲಿ ರಾತ್ರಿ ಆದಾಗ ಇಲ್ಲಿ ಬೆಳಗು. ಫೋನ್ ಮಾಡಿದರೆ ನಿದ್ದೆ ಕೆಡುತ್ತದೆ ಅಂತ ತಾಯಂದಿರು ಮಾಡುವುದಿಲ್ಲ. ಲಾಸ್ಟ್ ಸೀನ್ ನೋಡಿ "ಮಲಗಿದ್ದಾನೆ, ಕ್ಷೇಮವಾಗಿದ್ದಾನೆ" ಅಂದುಕೊಂಡು ಕಾಫಿಗೆ ಇಡುತ್ತಾರೆ. ಮಗ ಆಫೀಸಿನ ಕಾಟಕ್ಕೆ `Nobody` ಒತ್ತಿದ ದಿನ ಆ ತಾಯಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಒಂದು ಮಾತು ಸಾಕು: "ಅಮ್ಮಾ, ಆಫೀಸಿನವರು ಕಾಟ ಕೊಡ್ತಾರೆ ಅಂತ ಲಾಸ್ಟ್ ಸೀನ್ ತೆಗೆದಿದ್ದೀನಿ. ನಿನಗೂ ಕಾಣಲ್ಲ. ಗಾಬರಿ ಆಗಬೇಡ, ದಿನಾ ಮಲಗುವಾಗ ಒಂದು ಮೆಸೇಜ್ ಹಾಕ್ತೀನಿ." ಕಿತ್ತುಕೊಂಡದ್ದಕ್ಕೆ ಬದಲಿಗೆ ಏನಾದರೂ ಕೊಡುವುದು ಇಲ್ಲಿ ಮುಖ್ಯ.

ಮೇಲಧಿಕಾರಿಗಳ ವಿಷಯದಲ್ಲಿ ಮುಚ್ಚುವುದಕ್ಕಿಂತ ಚಿಕ್ಕ ಉತ್ತರ ಹೆಚ್ಚು ಕೆಲಸ ಮಾಡುತ್ತದೆ. "ಸರ್, ನೋಡಿದೆ. ನಾಳೆ ಹತ್ತು ಗಂಟೆಯೊಳಗೆ ಕಳಿಸುತ್ತೇನೆ" ಅಂತ ಹಾಕಿದರೆ ನೀಲಿ ಟಿಕ್‌ನಿಂದ ಬರುವ ಸಿಟ್ಟು ಅಲ್ಲೇ ತಣ್ಣಗಾಗುತ್ತದೆ. ನೀಲಿಯಾಗಿಯೂ ಉತ್ತರ ಬಾರದೇ ಇರುವುದು ಅವರನ್ನು ಕೆರಳಿಸುತ್ತದೆ. ಯಾವಾಗ ಆಗುತ್ತದೆ ಅನ್ನುವುದು ಗೊತ್ತಾದರೆ ಬಹುತೇಕರು ಸುಮ್ಮನಾಗುತ್ತಾರೆ.

ಎದುರಿನವರು ಮುಚ್ಚಿದ್ದರೆ

ಅವರ ಲಾಸ್ಟ್ ಸೀನ್ ಕಾಣದಿದ್ದರೆ ಮೊದಲು ನಿಮ್ಮ ಸೆಟ್ಟಿಂಗ್ ನೋಡಿಕೊಳ್ಳಿ. ನೀವೇ ಅವರಿಗೆ ಮುಚ್ಚಿದ್ದರೆ ಅವರದು ಕಾಣುವುದಿಲ್ಲ, ಅವರ ತಪ್ಪೇನೂ ಇಲ್ಲ. ನೀಲಿ ಟಿಕ್ ಬಾರದಿದ್ದರೂ ಹೀಗೆಯೇ ನೋಡಿಕೊಳ್ಳಿ.

ನಿಮ್ಮದು ತೆರೆದೇ ಇದ್ದರೆ ಟಿಕ್ ಎಣಿಸಿ. ಎರಡು ಬೂದು ಟಿಕ್ ಬಂದು, ಅವರು ಉತ್ತರವನ್ನೂ ಕೊಟ್ಟು, ನೀಲಿಯಾಗದಿದ್ದರೆ ಅವರು ನೀಲಿ ಟಿಕ್ ಆಫ್ ಮಾಡಿರಬಹುದು. ಎರಡು ಬೂದು ಟಿಕ್ ಬಂದು ಉತ್ತರ ಇಲ್ಲ ಅಂದರೆ ನೋಡಿರಬಹುದು, ನೋಡದೇ ಇರಬಹುದು, ಟಿಕ್‌ನಿಂದ ತಿಳಿಯುವುದಿಲ್ಲ. ಒಂದೇ ಟಿಕ್‌ನಲ್ಲಿ ನಿಂತಿದ್ದರೆ ಫೋನ್ ಆಫ್ ಆಗಿರಬಹುದು, ಡೇಟಾ ಮುಗಿದಿರಬಹುದು, ಮಲೆನಾಡಿನ ಮಳೆಗಾಲವಾದರೆ ನೆಟ್‌ವರ್ಕೇ ಇಲ್ಲದಿರಬಹುದು. ಬ್ಲಾಕ್ ಮಾಡಿದಾಗಲೂ ಒಂದೇ ಟಿಕ್. ಆದರೆ ಬ್ಲಾಕ್ ಆದರೆ ಇನ್ನೂ ಕೆಲವು ಗುರುತು ಜೊತೆಗೆ ಬರುತ್ತವೆ: ಲಾಸ್ಟ್ ಸೀನ್ ಕಾಣುವುದಿಲ್ಲ, ಅವರು ಬದಲಾಯಿಸಿದ ಫೋಟೋ ನಿಮಗೆ ಬರುವುದಿಲ್ಲ, ವಾಟ್ಸಾಪ್ ಕರೆ ಹೋಗುವುದಿಲ್ಲ. ಇವೆಲ್ಲ ಒಟ್ಟಿಗೆ ಇದ್ದರೂ ಖಚಿತ ಅಂತ ಹೇಳಲು ಬರುವುದಿಲ್ಲ, ವಾಟ್ಸಾಪ್ ಅದನ್ನು ಬೇಕೆಂದೇ ಅಸ್ಪಷ್ಟವಾಗಿ ಇಟ್ಟಿದೆ. ತುರ್ತು ಇದ್ದರೆ ಟಿಕ್ ನೋಡುತ್ತಾ ಕೂರಬೇಡಿ, ಮಾಮೂಲಿ ಫೋನ್ ಕರೆ ಮಾಡಿ.